ತಡೆಹಿಡಿದ ಉಡುಗೊರೆ ಪಾರ್ಸೆಲ್: ಸುಂಕದ ನೋಟಿಸಿಗೆ ಉತ್ತರ

ಮಾರ್ಚ್ 11

ಇವರಿಗೆ,
ಮೌಲ್ಯಮಾಪನ ಅಧಿಕಾರಿಗಳು,
ಕೊರಿಯರ್ ವಿಭಾಗ, ಕಸ್ಟಮ್ಸ್ ಕಚೇರಿ

ವಿಷಯ: ಮಾರ್ಚ್ 3ರ ನಿಮ್ಮ ನೋಟಿಸ್ (ಏರ್‌ವೇ ಬಿಲ್ಲಿನ ಕೊನೆಯ ಅಂಕಿ 4417) – ಮೌಲ್ಯವನ್ನು ಮತ್ತೆ ಲೆಕ್ಕ ಹಾಕಲು ಮನವಿ

ಮಾನ್ಯರೇ,

ನಿಮ್ಮ ನೋಟಿಸ್ ಮಾರ್ಚ್ 9ರಂದು ನನ್ನ ಕೈ ಸೇರಿತು. ವಿದೇಶದಲ್ಲಿರುವ ನನ್ನ ಅಕ್ಕ ಕಳಿಸಿದ ಪಾರ್ಸೆಲ್‌ಗೆ 518 ಡಾಲರ್ ಮೌಲ್ಯ ಹಿಡಿದು, ಅದರ ಮೇಲೆ ಸುಂಕ ಕಟ್ಟಲು ಹೇಳಿದ್ದೀರಿ. ಉಡುಗೊರೆ ಅಂದ ಮಾತ್ರಕ್ಕೆ ಸುಂಕ ತಪ್ಪುವುದಿಲ್ಲ ಅಂತ ನನಗೆ ಗೊತ್ತಿದೆ. ಕಟ್ಟಲು ತಯಾರಿದ್ದೇನೆ. ಆದರೆ 518ರ ಲೆಕ್ಕ ಸರಿಯಿಲ್ಲ, ಅದು 190 ಆಗಬೇಕು.

ಮೊದಲು ನಮ್ಮ ಕಡೆಯ ತಪ್ಪು ಹೇಳುತ್ತೇನೆ. ಅಕ್ಕ ಫಾರಂನಲ್ಲಿ "ಉಡುಗೊರೆ ಸಾಮಾನು, 190 ಡಾಲರ್" ಅಂತ ಒಂದೇ ಸಾಲು ಬರೆದಿದ್ದಾಳೆ. ಒಂದೊಂದು ವಸ್ತುವನ್ನೂ ಬೇರೆ ಬೇರೆ ಬರೆಯಬೇಕಿತ್ತು. ನಿಮಗೆ ಅನುಮಾನ ಬಂದದ್ದು ಸಹಜ. ಆ ಪಟ್ಟಿಯನ್ನು ಈಗ ಕೊಡುತ್ತಿದ್ದೇನೆ. ನನ್ನ ಮಗನಿಗೆ ಒಂದು ಹೊಸ ಕೈಗಡಿಯಾರ, 72 ಡಾಲರ್, ಅಂಗಡಿಯ ಬಿಲ್ ಇದೆ. ಅಕ್ಕನೇ ಹೆಣೆದ ಎರಡು ಸ್ವೆಟರ್. ಇವಕ್ಕೆ ಬಿಲ್ ಇಲ್ಲ, ಉಣ್ಣೆ ಕೊಂಡ 26 ಡಾಲರ್‌ನ ರಸೀದಿ ಮಾತ್ರ ಇದೆ. ಮಕ್ಕಳ ಕಥೆ ಪುಸ್ತಕಗಳು ಮೂರು, 14 ಡಾಲರ್. ಹಳೆಯ ಡಿಜಿಟಲ್ ಕ್ಯಾಮೆರಾ ಒಂದು, 30 ಡಾಲರ್. ಇಷ್ಟಕ್ಕೆ 142 ಆಯಿತು. ಮಿಕ್ಕ 48 ಡಾಲರ್ ಅಕ್ಕ ಕೊರಿಯರ್‌ಗೆ ಕಟ್ಟಿದ ಹಣ. ಅದನ್ನೂ ಅವಳು ಒಟ್ಟು ಮೊತ್ತದಲ್ಲೇ ಸೇರಿಸಿಬಿಟ್ಟಿದ್ದಾಳೆ.

ನೋಟಿಸಿನಲ್ಲಿ ಆ 48 ಡಾಲರನ್ನು ಸಾಗಣೆ ಖರ್ಚು ಅಂತ ಮತ್ತೆ ಕೂಡಿಸಲಾಗಿದೆ. ಒಂದೇ ಖರ್ಚು ಎರಡು ಸಲ ಬಂತು, ಅಲ್ವಾ? ಕೊರಿಯರ್ ರಸೀದಿ ಲಗತ್ತಿಸಿದ್ದೇನೆ.

ಜಾಸ್ತಿ ವ್ಯತ್ಯಾಸ ಆಗಿರುವುದು ಕ್ಯಾಮೆರಾದಿಂದ. ಅದಕ್ಕೆ 310 ಡಾಲರ್ ಹಿಡಿದಿದ್ದೀರಿ. ಅದು ಅದೇ ಕಂಪನಿಯ ಈಗಿನ ಹೊಸ ಮಾದರಿಯ ಬೆಲೆ. ಪೆಟ್ಟಿಗೆಯಲ್ಲಿರುವುದು ಅಕ್ಕ 11 ವರ್ಷ ಬಳಸಿದ ಕ್ಯಾಮೆರಾ. ದಯವಿಟ್ಟು ಒಮ್ಮೆ ತೆಗೆದು ನೋಡಿ. ಬಲಗೈ ಹಿಡಿಯುವ ಕಡೆಯ ರಬ್ಬರ್ ಬಿಟ್ಟುಕೊಂಡಿತ್ತು, ಅಕ್ಕ ಅದನ್ನು ಅಂಟು ಹಾಕಿ ಕೂರಿಸಿದ್ದಾಳೆ. ಬ್ಯಾಟರಿ ಮುಚ್ಚಳ ನಿಲ್ಲುವುದಿಲ್ಲ, ಕಪ್ಪು ಟೇಪ್ ಸುತ್ತಿದೆ. ಎರಡು ವರ್ಷದ ಹಿಂದೆ ರಿಪೇರಿ ಮಾಡಿಸಿದ ರಸೀದಿಯಲ್ಲಿ ಅದರ ಸೀರಿಯಲ್ ನಂಬರ್ ಇದೆ, ತಾಳೆ ನೋಡಬಹುದು. ನಮ್ಮ ಅಮ್ಮನ ಕೊನೆಯ ಫೋಟೋಗಳನ್ನು ಅಕ್ಕ ತೆಗೆದದ್ದು ಇದರಲ್ಲೇ. ಅದಕ್ಕೇ ನನಗೆ ಕಳಿಸಿದ್ದು. ಸುಂಕಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಗೊತ್ತು, ಆದರೂ ಹೇಳಬೇಕು ಅನ್ನಿಸಿತು.

ವಿಶ್ವ ವ್ಯಾಪಾರ ಸಂಸ್ಥೆಯ ಕಸ್ಟಮ್ಸ್ ಮೌಲ್ಯಮಾಪನ ಒಪ್ಪಂದದ ಪ್ರಕಾರ ಮೊದಲು ನೋಡುವುದು ಮಾರಾಟದಲ್ಲಿ ಕೊಟ್ಟ ಬೆಲೆ. ಉಡುಗೊರೆಯಲ್ಲಿ ಮಾರಾಟವೇ ಇರುವುದಿಲ್ಲ. ಆಗ ಅಂಥದ್ದೇ ವಸ್ತುವಿನ ಬೆಲೆಗೆ ಹೋಗಬೇಕು. 11 ವರ್ಷದ ಕ್ಯಾಮೆರಾಕ್ಕೆ ಅಂಗಡಿಯ ಹೊಸ ಕ್ಯಾಮೆರಾ ಅಂಥದ್ದೇ ವಸ್ತು ಆಗುವುದಿಲ್ಲ. ಇದೇ ಮಾದರಿಯ ಬಳಸಿದ ಕ್ಯಾಮೆರಾಗಳು 25ರಿಂದ 40 ಡಾಲರ್‌ಗೆ ಮಾರಾಟಕ್ಕಿರುವ ಮೂರು ಜಾಹೀರಾತುಗಳ ಪ್ರಿಂಟ್ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಎಲ್ಲ ಸಾಮಾನನ್ನೂ ಸುಂಕದ ಪಟ್ಟಿಯಲ್ಲಿ ಕ್ಯಾಮೆರಾದ 8525 ಶೀರ್ಷಿಕೆಯಡಿ ಹಾಕಿದ್ದೀರಿ. ಕೈಗಡಿಯಾರ 9102ಕ್ಕೆ ಬರುತ್ತದೆ, ಹೆಣೆದ ಸ್ವೆಟರ್ 6110ಕ್ಕೆ, ಕಥೆ ಪುಸ್ತಕ 4901ಕ್ಕೆ. ಒಂದೊಂದಕ್ಕೂ ಅದರದರ ದರವನ್ನೇ ಹಾಕಬೇಕು ಎಂದು ಕೋರುತ್ತೇನೆ.

190ರ ಮೇಲಿನ ಸುಂಕವನ್ನು ನೀವು ಚಲನ್ ಕೊಟ್ಟ ದಿನವೇ ಕಟ್ಟುತ್ತೇನೆ. ನನ್ನ ಲೆಕ್ಕ ಒಪ್ಪಿಗೆಯಾಗದಿದ್ದರೆ ಕಾರಣ ಬರೆದ ಆದೇಶ ಕೊಡಿ, ಮೇಲ್ಮನವಿಗೆ ಬೇಕಾಗುತ್ತದೆ. ಅಲ್ಲಿಯವರೆಗೆ ಪಾರ್ಸೆಲನ್ನು ವಾಪಸ್ ಕಳಿಸಬೇಡಿ, ವಿಲೇವಾರಿಯನ್ನೂ ಮಾಡಬೇಡಿ. ನೋಟಿಸ್ ಬರಲು ಆರು ದಿನ ಆಯಿತು. ಆ ದಿನಗಳ ದಾಸ್ತಾನು ಬಾಡಿಗೆಯನ್ನು ನನ್ನ ಮೇಲೆ ಹಾಕದಂತೆ ಕೊರಿಯರ್‌ನವರಿಗೆ ತಿಳಿಸಿದರೆ ದೊಡ್ಡ ಉಪಕಾರ.

ಮೊನ್ನೆ ಒಬ್ಬರು ಫೋನ್ ಮಾಡಿ, ಕಸ್ಟಮ್ಸ್ ಕಡೆಯವರು ಎಂದು ಹೇಳಿ, ಒಂದು ವೈಯಕ್ತಿಕ ಖಾತೆಗೆ ಹಣ ಹಾಕಲು ಹೇಳಿದರು. ನಾನು ಹಾಕಲಿಲ್ಲ. ಆ ನಂಬರನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ವಿಚಾರಿಸಿ.

ಲಗತ್ತು: ಕೈಗಡಿಯಾರದ ಬಿಲ್, ಉಣ್ಣೆ ಮತ್ತು ಪುಸ್ತಕದ ರಸೀದಿ, ಕೊರಿಯರ್ ರಸೀದಿ, ಕ್ಯಾಮೆರಾ ರಿಪೇರಿ ರಸೀದಿ, ಜಾಹೀರಾತಿನ ಪ್ರಿಂಟ್, ಇದು ಉಡುಗೊರೆ ಎಂದು ಅಕ್ಕ ಸಹಿ ಮಾಡಿದ ಪತ್ರ, ನನ್ನ ಗುರುತಿನ ಚೀಟಿಯ ನಕಲು, ಫೋನ್ ನಂಬರ್ ಬರೆದ ಹಾಳೆ.

ಇಂತಿ ತಮ್ಮ ವಿಶ್ವಾಸಿ,
ಸುಮಾ
(ಪಾರ್ಸೆಲ್ ಪಡೆಯಬೇಕಾದವರು)