ವಿಷಯ: ಪರಿಚಯ – ಡಾ. ವೈಶಾಲಿ (ಆಡಿಯಾಲಜಿಸ್ಟ್), ರಘುರಾಮ್ (ಅಕೌಸ್ಟಿಕ್ಸ್ ಎಂಜಿನಿಯರ್) – ತರಗತಿಗಳ ಸದ್ದಿನ ವಿಚಾರ

ವೈಶಾಲಿ ಮೇಡಂ, ರಘುರಾಮ್ ಸರ್,

ಇಬ್ಬರಿಗೂ ನಮಸ್ಕಾರ. ಹೋದ ವಾರ ನಿಮ್ಮಿಬ್ಬರನ್ನೂ ಬೇರೆಬೇರೆಯಾಗಿ ಕೇಳಿದ್ದೆ. ಇಬ್ಬರೂ ಒಪ್ಪಿದ ಮೇಲಷ್ಟೇ ಒಂದೇ ಮೇಲ್‌ನಲ್ಲಿ ಸೇರಿಸುತ್ತಿದ್ದೇನೆ. ನೀವು ಹಾಕಿದ ಷರತ್ತುಗಳನ್ನು ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ತಾವು ನೋಡುವ ಯಾವ ಮಗುವಿನ ಹೆಸರೂ ಗುರುತೂ ಮಾತಿನಲ್ಲಿ ಬರಬಾರದು ಎಂದು ಮೇಡಂ ಹೇಳಿದ್ದಾರೆ. ಮೊದಲ ಮಾತುಕತೆಗೆ ಫೀಸಿನ ಪ್ರಶ್ನೆ ಇಲ್ಲ, ಆದರೆ ಅದನ್ನೇ ನೆಪ ಮಾಡಿಕೊಂಡು ಯಾರೂ ಪೂರ್ತಿ ಡಿಸೈನ್ ಕೇಳಬಾರದು ಎಂಬುದು ಸರ್ ಮಾತು. ಇಬ್ಬರ ಷರತ್ತೂ ಇಬ್ಬರಿಗೂ ಒಪ್ಪಿಗೆಯಾಗಿದೆ. ಫೋನ್ ನಂಬರ್‌ಗಳನ್ನು ನಾನು ಯಾರಿಗೂ ಕೊಟ್ಟಿಲ್ಲ, ಬೇಕೆನಿಸಿದರೆ ನೀವೇ ಕೊಟ್ಟುಕೊಳ್ಳಿ.

ಮೇಡಂ, ರಘುರಾಮ್ ಅವರ ಜೊತೆ ನಾನು ಒಂದು ಸಭಾಂಗಣದ ಕೆಲಸ ಮಾಡಿದ್ದೇನೆ. ಕೋಣೆಯೊಳಗೆ ಸದ್ದು ಹೇಗೆ ಹರಡುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ಛಾವಣಿ, ಗೋಡೆಗಳನ್ನು ರೂಪಿಸುವುದು ಅವರ ವೃತ್ತಿ. ಈಗ ಅವರ ಕೈಯಲ್ಲಿ ಒಂದು ಶಾಲೆಯ 12 ತರಗತಿಗಳ ನವೀಕರಣ ಇದೆ. ನಿಮ್ಮ ಬಳಿ ಬರುವ ಪೋಷಕರ ದೂರು ನೀವೇ ನನಗೆ ಹೇಳಿದ್ದು: ಕ್ಲಿನಿಕ್ಕಿನ ನಿಶ್ಶಬ್ದ ಬೂತಿನಲ್ಲಿ ಮಗು ಪ್ರತಿ ಪದವನ್ನೂ ಸರಿಯಾಗಿ ಹೇಳುತ್ತದೆ, ಅದೇ ಹಿಯರಿಂಗ್ ಏಡ್ ಹಾಕಿಕೊಂಡು ತರಗತಿಗೆ ಹೋದರೆ ಅರ್ಧ ಪಾಠ ತಪ್ಪುತ್ತದೆ. ಯಂತ್ರ ಸರಿಯಿಲ್ಲ ಎಂದು ವಾಪಸ್ ತರುತ್ತಾರೆ. ನೀವು ಮತ್ತೆ ಟ್ಯೂನ್ ಮಾಡಿ ಕಳಿಸುತ್ತೀರಿ. ಆದರೆ ಕೋಣೆಯನ್ನು ಟ್ಯೂನ್ ಮಾಡುವುದು ನಿಮ್ಮ ಕೈಯಲ್ಲಿಲ್ಲವಲ್ಲ. ಅದು ಇವರ ಕೈಯಲ್ಲಿದೆ.

ಟೀಚರ ಕೊರಳಿಗೆ ಹಾಕುವ ರಿಮೋಟ್ ಮೈಕ್ ಇದೆಯಲ್ಲ ಎಂದು ನಾನೇ ನಿಮ್ಮನ್ನು ಕೇಳಿದ್ದೆ. ಟೀಚರ ದನಿ ಅದರಿಂದ ಚೆನ್ನಾಗಿ ಬರುತ್ತದೆ, ಆದರೆ ಹಿಂದಿನ ಬೆಂಚಿನ ಹುಡುಗ ಕೇಳಿದ ಪ್ರಶ್ನೆ, ಗುಂಪು ಚರ್ಚೆ, ಪಕ್ಕದವಳು ಹೇಳಿದ ತಮಾಷೆ ಇವೆಲ್ಲ ಆ ಮಗುವಿಗೆ ತಲುಪುವುದಿಲ್ಲ ಎಂದಿರಿ. ಆ ತಮಾಷೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮನ್ನು ರಘುರಾಮ್ ಅವರಿಗೆ ಭೇಟಿ ಮಾಡಿಸಬೇಕು ಅನ್ನಿಸಿದ್ದು ಆಗಲೇ.

ಸರ್, ವೈಶಾಲಿ ಮೇಡಂ ಮಕ್ಕಳ ಶ್ರವಣ ಸಮಸ್ಯೆಗಳನ್ನು ನೋಡುವ ಆಡಿಯಾಲಜಿಸ್ಟ್. ಶಿಕ್ಷಕರಿಗಾಗಿ ಅವರು ನಡೆಸುವ ತರಬೇತಿಗಳನ್ನು ಏರ್ಪಡಿಸುವಾಗ ಪರಿಚಯವಾದರು. ನೀವು ಒಮ್ಮೆ ಬೇಸರದಿಂದ ಹೇಳಿದ್ದು ನೆನಪಿದೆ: ಸಭಾಂಗಣವಾದರೆ ಅಕೌಸ್ಟಿಕ್ಸ್‌ಗೆ ಹಣ ಇಡುತ್ತಾರೆ, ತರಗತಿಯ ಮಾತು ಬಂದರೆ ಅದು ಆಡಂಬರ, ಬಜೆಟ್ಟಿನಿಂದ ಮೊದಲು ಹಾರಿಹೋಗುವ ಸಾಲು. ಮಾನದಂಡ ತೋರಿಸಿದರೂ ನಡೆಯುವುದಿಲ್ಲ. ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು, ಅನುರಣನದ ಅವಧಿ ಸುಮಾರು 0.6 ಸೆಕೆಂಡ್ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಸರಿ, ಆದರೆ ಆಡಳಿತ ಮಂಡಳಿಯ ಮುಂದೆ 0.6 ಎಂದರೆ ಯಾರ ಮುಖದಲ್ಲೂ ಏನೂ ಬದಲಾಗುವುದಿಲ್ಲ. ಆ ಅಂಕಿ 0.6 ಇದ್ದಾಗ ಒಂದು ಮಗುವಿಗೆ ಎಷ್ಟು ಪದ ದಕ್ಕುತ್ತದೆ, ಅದು 1.2 ಆದರೆ ಯಾವ ವ್ಯಂಜನಗಳು ಕರಗಿಹೋಗುತ್ತವೆ ಎಂದು ಹೇಳಬಲ್ಲವರು ಮೇಡಂ. ಶಿಕ್ಷಕರ ತರಬೇತಿಯಲ್ಲಿ ಅವರು ಒಂದೇ ವಾಕ್ಯವನ್ನು ಎರಡು ರೀತಿಯ ಕೋಣೆಯಲ್ಲಿ ರೆಕಾರ್ಡ್ ಮಾಡಿ ಕೇಳಿಸುತ್ತಾರೆ. ಎರಡನೆಯದು ಮುಗಿಯುವ ಹೊತ್ತಿಗೆ ಇಡೀ ಸಭೆ ಮುಂದಕ್ಕೆ ಬಾಗಿ ಕೂತಿರುತ್ತದೆ. ನಿಮ್ಮ ಗ್ರಾಫ್‌ಗಳಿಗಿಂತ (ಕ್ಷಮಿಸಿ) ಅದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಕಾರಣವೂ ಇದೆ. ಮೇಡಂ ಹೇಳುವ ಪ್ರಕಾರ, ಶ್ರವಣ ದೋಷವಿರುವ ಮಗುವಿಗೆ ಟೀಚರ ದನಿ ಹಿನ್ನೆಲೆ ಸದ್ದಿಗಿಂತ ಕನಿಷ್ಠ 15 ಡೆಸಿಬಲ್ ಮೇಲಿರಬೇಕು. ಹಾಗಿದ್ದರೆ ಛಾವಣಿಗೆ ಟೈಲ್ಸ್ ಹಾಕಿದರಷ್ಟೇ ಸಾಲದು, ಫ್ಯಾನ್, ಏಸಿ, ಕಾರಿಡಾರಿನ ಬಾಗಿಲ ಸಂದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗುತ್ತಿಗೆದಾರ ಯಾವುದನ್ನು ಬಿಟ್ಟರೆ ನಡೆಯುತ್ತದೆ, ಯಾವುದನ್ನು ಬಿಡಲೇಬಾರದು ಎಂದು ನೀವು ಪಟ್ಟು ಹಿಡಿಯಬೇಕಾದಾಗ ಅವರ ಮಾತಿಗೆ ತೂಕ ಇರುತ್ತದೆ.

ನೀವಿಬ್ಬರೂ ಮೊದಲ ದಿನವೇ ಒಪ್ಪದ ವಿಷಯವೊಂದನ್ನು ಈಗಲೇ ಹೇಳಿಬಿಡುತ್ತೇನೆ. ಮೇಡಂ ಶಾಲೆಗಳಿಗೆ ಕೊಡುವ ಸಲಹೆಯಲ್ಲಿ ನೆಲಕ್ಕೆ ಕಾರ್ಪೆಟ್, ಗೋಡೆಗೆಲ್ಲ ಮೆತ್ತನೆ ಹೊದಿಕೆ ಇರುತ್ತದೆ. ತೆಳು ಕಾರ್ಪೆಟ್ ಎತ್ತರದ ಸ್ವರಗಳನ್ನಷ್ಟೇ ನುಂಗುತ್ತದೆ, ಕೆಳಗಿನ ಗುಂಯ್ ಅನ್ನುವ ಸದ್ದು ಹಾಗೇ ಉಳಿಯುತ್ತದೆ ಎಂದು ಸರ್ ವಾದಿಸುವುದನ್ನು ಕೇಳಿದ್ದೇನೆ. ಅಲ್ಲದೆ ಎಲ್ಲವನ್ನೂ ಮೆತ್ತಗೆ ಮಾಡಿದರೆ ಹಿಂದಿನ ಬೆಂಚಿಗೆ ದನಿಯೇ ತಲುಪದು. ನೇರ ದನಿಯ ಬೆನ್ನಿಗೇ, ಸುಮಾರು 50 ಮಿಲಿಸೆಕೆಂಡಿನೊಳಗೆ ಬರುವ ಪ್ರತಿಫಲನ ಮಾತಿಗೆ ಬಲ ಕೊಡುತ್ತದೆ, ಅದನ್ನು ಕಳೆದುಕೊಳ್ಳಬಾರದು ಎಂಬುದೂ ಅವರದೇ ವಾದ. ಹಿಯರಿಂಗ್ ಏಡ್ ಮೂಲಕ ಕೇಳುವ ಮಗುವಿಗೂ ಆ ಪ್ರತಿಫಲನ ಅಷ್ಟೇ ಸಹಾಯ ಮಾಡುತ್ತದೆಯೇ? ಇದನ್ನು ನಾನು ಇಬ್ಬರಲ್ಲೂ ಕೇಳಿದೆ. ಇಬ್ಬರೂ ಒಂದು ಕ್ಷಣ ಸುಮ್ಮನಾದಿರಿ. ಮಾತುಕತೆಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಈಗಲೇ ಯಾಕೆ ಅಂದರೆ, ಆ 12 ತರಗತಿಗಳ ಛಾವಣಿಯ ನಕ್ಷೆ ಈ ತಿಂಗಳ ಕೊನೆಗೆ ಅಂತಿಮವಾಗುತ್ತದೆ. ಆಮೇಲೆ ಬದಲಾಯಿಸುವುದೆಂದರೆ ಹಾಕಿದ್ದನ್ನು ಕಿತ್ತು ಹಾಕಬೇಕು. ಆ ಕೆಲಸಕ್ಕೂ ನನಗೂ ಸಂಬಂಧವಿಲ್ಲ, ಈ ಪರಿಚಯದಿಂದ ನನಗೆ ಸಿಗುವುದೂ ಏನಿಲ್ಲ. ಮುಂದೆ ನೀವು ಕೂಡಿ ಕೆಲಸ ಮಾಡಲೇಬೇಕೆಂಬ ನಿರೀಕ್ಷೆಯೂ ಇಲ್ಲ. ಒಂದು ಸಲ ಮಾತಾಡಿ ಸಾಕೆನಿಸಿದರೆ ಅಲ್ಲಿಗೇ ಬಿಡಬಹುದು, ನನಗೆ ಕಾರಣ ಹೇಳಬೇಕಾಗಿಲ್ಲ.

ಮೇಡಂ ಅವರಿಗೆ ಬುಧವಾರ ಅಥವಾ ಶುಕ್ರವಾರ ಸಂಜೆ 6ರ ನಂತರ ಬಿಡುವು, ಸರ್‌ಗೆ ಶುಕ್ರವಾರ ಅನುಕೂಲ. ಹಾಗಾಗಿ ಶುಕ್ರವಾರ ಸಂಜೆ 6:30ಕ್ಕೆ ಅರ್ಧ ಗಂಟೆಯ ವಿಡಿಯೊ ಕಾಲ್ ಆಗಬಹುದೇ? ಸಮಯ ಖಚಿತಪಡಿಸುವ ಮೊದಲ ಮೇಲ್ ತಾವೇ ಬರೆಯುವುದಾಗಿ ಮೇಡಂ ಹೇಳಿದ್ದಾರೆ. ಸರ್, ಖಾಲಿ ತರಗತಿಯಲ್ಲಿ ನೀವು ಅಳೆದ ಅನುರಣನದ ಅಂಕಿಗಳನ್ನು ಆ ಮೇಲ್‌ಗೆ ಉತ್ತರವಾಗಿ ಕಳಿಸಿದರೆ ಅವರು ನೋಡಿಕೊಂಡು ಬರುತ್ತಾರೆ. ಶಾಲೆಯ ಹೆಸರು ಅದರಲ್ಲಿ ಬೇಡ, ಅನುಮತಿ ಇನ್ನೂ ಬಂದಿಲ್ಲ ಎಂದಿದ್ದಿರಲ್ಲ.

ಮುಂದಿನ ಉತ್ತರದಲ್ಲಿ ನನ್ನನ್ನು ಸಿಸಿಯಿಂದ ತೆಗೆದುಬಿಡಿ.

ವಂದನೆಗಳೊಂದಿಗೆ,
ಸುಧೀಂದ್ರ