ಗುಡಿ ಗ್ವಾಡಿ ಫೋಟೋ, ಕೆಳಗಿಂದ ಮ್ಯಾಲಕ ನೋಡ್ರಿ

ಇದು ಸೇಡಂ ಕಡೆ ನಮ್ಮೂರ ಹೊರಗಿರೋ ಶಿವನ ಗುಡಿದು, ದಕ್ಷಿಣ ಮಗ್ಗಲಿನ ಗ್ವಾಡಿ. ಬಲಗಡೆ ಅಂಚಿನ್ಯಾಗ ಮುಖಮಂಟಪದ ಎರಡು ಕಂಬನೂ ಬಂದಾವ. ಮುಂಜಾನಿ ಬಿಸಿಲು ಪೂರ್ವದಿಂದ ಗ್ವಾಡಿ ಸವರಿಕೊಂಡು ಓರೆ ಬೀಳೋ ಹೊತ್ತಿನ್ಯಾಗ ತೆಗೆದದ್ದು, ಅದಕ್ಕ ಸಣ್ಣ ಗೆರಿಗೂ ನೆಳ್ಳು ಬಿದ್ದು ಎದ್ದು ಕಾಣ್ತದ, ಮಧ್ಯಾಹ್ನ ತೆಗೆದಿದ್ರ ಇದರಾಗ ಅರ್ಧ ಕೆತ್ತನಿ ಕಾಣ್ತಿರಲಿಲ್ಲ. ಕಂಬದ ರೀತಿ, ಗ್ವಾಡಿ ರೀತಿ ಎರಡೂ ಕಲ್ಯಾಣ ಚಾಲುಕ್ಯರ ಕಾಲದ್ದು, ಅಂದ್ರ 11-12ನೇ ಶತಮಾನ.

ಫೋಟೋ ತೆಗೆದು ತೋರ್ಸಿದ ಕೂಡ್ಲೇ ಎಲ್ಲರ ಕಣ್ಣು ಆ ಹೆಣ್ಣಿನ ಶಿಲ್ಪದ ಮ್ಯಾಲೇ ಹೋಗ್ತದ. ಅದು ಬರ್ತದ, ಆದ್ರ ಮೊದಲ ಕೆಳಗ ಬರ್ರಿ.

ತೀರ ಕೆಳಗಿನ ಕಲ್ಲು ಮಣ್ಣಾಗ ಹೂತದ, ಅದರ ಮ್ಯಾಲಿನ ಅಂಚಷ್ಟೇ ಕಾಣ್ತದ, ಅದು ಉಪಾನ. ಅದರ ಮ್ಯಾಲ ದಪ್ಪ ಸಾದಾ ಪಟ್ಟಿ ಜಗತಿ. ಆಮ್ಯಾಲ ಒಂದು ಕಲ್ಲು ಒಳಗ ಸರಿದು ಕತ್ತಲಾಗ ಹೋದಂಗ ಕಾಣ್ತದಲ್ಲ, ಅದಕ್ಕ ಗಳ ಅಂತಾರ, ಅದರ ಮ್ಯಾಲ ಮೂರು ಮುಖ ಇರೋ ಚೂಪು ಅಂಚಿನ ಕಲ್ಲು ತ್ರಿಪಟ್ಟ ಕುಮುದ. ಮತ್ತೊಂದು ಗಳ, ಅದರಾಗ ಒಂದೊಂದು ಅಂತರಕ್ಕ ಸಣ್ಣ ಸಿಂಹದ ಮುಖ, ಕಡಿಕ ಮುಂದಕ್ಕ ಬಾಗಿರೋ ಕಪೋತ. ಒಂದು ಕಲ್ಲು ಹೊರಗ, ಒಂದು ಒಳಗ, ಹಿಂಗ ಇಟ್ಟದ್ದು ಸುಮ್ಮನೆ ಅಲ್ಲ. ಇಷ್ಟು ಭಾರದ ಗ್ವಾಡಿ ನೆಲದಿಂದ ಒಮ್ಮೆಲೇ ಎದ್ದಿದ್ರ ನೋಡಾಕ ಮೊದ್ದು ಆಗ್ತಿತ್ತು, ಈ ಬೆಳಕು-ನೆಳ್ಳಿನ ಅಡ್ಡ ಗೆರಿಗಳು ಅದರ ಭಾರ ಇಳಿಸ್ಯಾವ. ಕಪೋತದ ಮ್ಯಾಲ ಕುದುರಿ ಲಾಳದ ಆಕಾರದ ಸಣ್ಣ ಕಮಾನು ಅವ ನೋಡ್ರಿ, ಅವಕ್ಕ ಕೂಡು ಅಂತಾರ, ಕಟ್ಟಿಗೆ ಮನಿಗಳ ಕಮಾನು ಕಿಟಕಿ ಆಕಾರ ಕಲ್ಲಿಗೆ ಬಂದದ್ದು.

ಈಗ ಗ್ವಾಡಿ. ಇದು ಸಪಾಟ ಇಲ್ಲ, ನಡುವಿನ ಭಾಗ ಮುಂದಕ್ಕ ಬಂದದ, ಅದರ ಎಡಬಲಕ್ಕ ಮೆಟ್ಟಿಲು ಮೆಟ್ಟಿಲಾಗಿ ಹಿಂದ ಸರಿದದ, ಪ್ರತಿ ಸರುವಿಗೂ ಒಂದೊಂದು ಅರೆಗಂಬ. ಅರೆಗಂಬ ಭಾರ ಹೊರೋದಿಲ್ಲ, ಗ್ವಾಡಿಯಾಗ ಕೆತ್ತಿದ್ದು, ಆದ್ರೂ ನಿಜವಾದ ಕಂಬದ ತಲಿಗೆ ಇರೋ ಕೊಡದಂಥ ಕುಂಭ, ಹಲಗಿಯಂಥ ಫಲಕ, ತೊಲಿ ಹೊರೋ ಬೋದಿಗೆ ಎಲ್ಲಾ ಅದಕ್ಕೂ ಕೊಟ್ಟಾರ.

ಇಲ್ಲಿ ಸ್ವಲ್ಪ ನಿಂತು ನೋಡ್ರಿ, ಈ ಫೋಟೋದಾಗ ನನಗ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಎರಡು ಅರೆಗಂಬದ ನಡುವಿನ ಜಾಗ ಖಾಲಿ ಬಿಟ್ಟಿಲ್ಲ, ಅಲ್ಲಿ ಒಂದು ತೆಳ್ಳನ ಕಂಬ ನಿಲ್ಲಿಸಿ ಅದರ ತಲಿ ಮ್ಯಾಲ ಒಂದು ಪುಟ್ಟ ಶಿಖರ ಇಟ್ಟಾರ, ಕಳಸದ ಸಮೇತ. ಅಂದ್ರ ಗುಡಿ ಗ್ವಾಡಿ ಮ್ಯಾಲ ಸಣ್ಣ ಸಣ್ಣ ಗುಡಿ. ಎಡಗಡೆದು ದ್ರಾವಿಡ ರೀತಿದು, ಮೂರು ಅಂತಸ್ತು, ಒಂದೊಂದು ಅಂತಸ್ತಿಗೂ ಕಪೋತ, ಮ್ಯಾಲಕ ಹೋದಂಗ ಸಣ್ಣಾಗ್ತಾವ, ತುದಿಗೆ ಗುಂಡನ ತಲಿ. ಬಲಗಡೆದು ಹಂಗಿಲ್ಲ, ಅಂತಸ್ತು ಎಣಿಸಾಕ ಬರಂಗಿಲ್ಲ, ನೆಟ್ಟಗ ಎದ್ದು ಮ್ಯಾಲ ಒಳಕ್ಕ ಬಾಗ್ತದ, ತುದಿಗೆ ಸುತ್ತಲೂ ಹಲ್ಲು ಹಲ್ಲಾಗಿರೋ ಚಪ್ಪಟಿ ಚಕ್ರ, ಅದು ಆಮಲಕ, ಅಂದ್ರ ಇದು ಉತ್ತರದ ನಾಗರ ರೀತಿ. ಎರಡೂ ಒಂದೇ ಗ್ವಾಡಿ ಮ್ಯಾಲ! ಆ ಶಿಲ್ಪಿಗೆ ಎರಡೂ ಗೊತ್ತಿತ್ತು, ನಾವು ನಮ್ಮ ಕಡೆ ಗುಡಿಗಳನ್ನ ಬರೀ ಹಳೇ ಕಲ್ಲಿನ ಗುಡಿ ಅಂತ ಹೇಳಿ ಮುಂದ ಹೋಗ್ತೀವಿ, ನನಗ ಅದು ಸಹಿಸಾಕ ಆಗಂಗಿಲ್ಲ.

ನಡುವಿನ ಕೋಷ್ಠ, ಅಂದ್ರ ಮೂರ್ತಿ ಇಡೋ ಗೂಡು, ಖಾಲಿ ಅದ, ಒಳಗ ಮೂರ್ತಿ ಇಲ್ಲ, ಪೀಠದ ಗಚ್ಚಿನ ಗುರುತು ಅಷ್ಟೇ. ಆದ್ರ ಮ್ಯಾಲಿನ ತೋರಣ ಪೂರ್ತಿ ಉಳಿದದ. ಎರಡು ತುದಿಗೆ ಎರಡು ಮಕರ, ಆನಿ ಸೊಂಡಿಲು, ಮೊಸಳಿ ಬಾಯಿ, ಬಾಲ ಮಾತ್ರ ಬಳ್ಳಿ ಆಗಿ ಸುರುಳಿ ಸುತ್ತಿಕೊಂಡು ಮ್ಯಾಲಕ ಹೋಗ್ತದ. ಎರಡೂ ಕಡೆ ಬಳ್ಳಿ ಕೂಡೋ ನೆತ್ತಿ ಮ್ಯಾಲ ಕೀರ್ತಿಮುಖ, ಗುಡ್ಡಿ ಹೊರಗ ಬಂದ ಕಣ್ಣು, ಕೆಳಗಿನ ದವಡಿ ಇಲ್ಲ, ಬಾಯಾಗಿಂದ ಮುತ್ತಿನ ಸರ ಜೋತು ಬಿದ್ದಾವ. ಝೂಮ್ ಮಾಡಿದ್ರ ಸರದ ಹಿಂದ ಉಳಿ ಹೋಗಿ ಕಲ್ಲು ಪೂರ್ತಿ ತೆಗೆದದ್ದು ಗೊತ್ತಾಗ್ತದ, ಸರ ಗ್ವಾಡಿಗೆ ಎರಡೇ ಕಡೆ ಹತ್ತದ, ಉಳಿದದ್ದು ಗಾಳ್ಯಾಗ.

ಇನ್ನ ಎಡಗಡೆ ನಿಂತಾಕಿ. ಸೊಂಟ, ಮೊಣಕಾಲು, ಕುತ್ತಿಗಿ ಮೂರು ಕಡೆ ಬಳುಕು, ತ್ರಿಭಂಗಿ. ಎಡಗೈಯಾಗ ಗುಂಡನ ಕನ್ನಡಿ, ಬಲಗೈ ಮೊಣಕೈ ತನ ಮುರಿದದ, ಎತ್ತಿದ ರೀತಿ ನೋಡಿದ್ರ ಬೈತಲಿ ಕಡೆ ಹೋಗ್ತಿತ್ತು ಅನ್ನಿಸ್ತದ. ಬೇಲೂರಿನ ಮದನಿಕೆಯರು ಮ್ಯಾಲ, ಛಾವಣಿ ಅಂಚಿನ ಕೆಳಗ ಓರೆಯಾಗಿ ನಿಂತಾರ, ತಲಿ ಎತ್ತಿ ನೋಡಬೇಕು, ನಮ್ಮ ಕಡೆ ಹಂಗಲ್ಲ, ಗ್ವಾಡಿ ಮ್ಯಾಲೇ ನಮ್ಮ ಎದುರಿಗೆ ನಿಲ್ತಾರ. ಬೀದರ್ ಜಿಲ್ಲಾ ಹುಮನಾಬಾದ್ ತಾಲೂಕಿನ ಜಲಸಂಗಿಗೆ ಹೋದವರಿಗೆ ಇದು ಗೊತ್ತದ, ಅಲ್ಲಿ ಗ್ವಾಡಿ ತುಂಬ ಇಂಥವರೇ, ಅವರೊಳಗ ಒಬ್ಬಾಕಿ ಚಾಲುಕ್ಯ ದೊರಿ ಆರನೇ ವಿಕ್ರಮಾದಿತ್ಯನ್ನ ಹೊಗಳೋ ಶಾಸನ ಬರೀತಾ ನಿಂತಾಳ. ನಮ್ಮಾಕಿಗೆ ಅಷ್ಟು ಹೆಸರಿಲ್ಲ, ಆದ್ರ ಬೆನ್ನಿನ ಮ್ಯಾಲ ಇಳಿದ ಜಡಿ ಗಂಟು ಗಂಟಾಗಿ ಕೆತ್ತಿದ್ದು ನೋಡ್ರಿ, ಕೈ ಕೆಲಸ ಯಾವ ಲೆಕ್ಕಕ್ಕೂ ಕಡಿಮಿ ಇಲ್ಲ.

ಬಲ ಅಂಚಿನ ಕಂಬಕ್ಕ ಬರ್ತೀನಿ. ಬುಡ ಚೌಕ, ಅದರ ಮ್ಯಾಲ ಘಂಟಿ ಆಕಾರದ ನುಣುಪು ಭಾಗ, ಆಮ್ಯಾಲ ಒಂದರ ಮ್ಯಾಲ ಒಂದು ಕೈ ಬಳಿಯಂಥ ಚೂಪು ಅಂಚಿನ ಸುತ್ತು, ಚಪ್ಪಟಿ ಕುಂಭ, ಚೌಕದ ಫಲಕ, ತೊಲಿ ಹೊರೋ ಬೋದಿಗೆ. ಘಂಟಿ ಭಾಗದಾಗ ಕೂದಲೆಳಿಯಷ್ಟು ಸಣ್ಣ ಗೆರಿ ಸುತ್ತಲೂ ಒಂದೇ ಸಮ ಓಡ್ಯಾವ, ಅದು ಉಳಿಯಿಂದ ಬರೋ ಗೆರಿ ಅಲ್ಲ. ಬಡಿಗ್ಯಾರು ತೊಟ್ಲ ಕಾಲು ತಿರುಗಿಸಿ ಕಡಿಯೋ ಹಂಗ ಕಲ್ಲನ್ನೇ ತಿರುಗಿಸಿ ಕಡೆದದ್ದು. ಚೌಕದ ಭಾಗ ತಿರುಗಿಸಾಕ ಬರಂಗಿಲ್ಲ, ಅಲ್ಲಿ ಉಳಿ ಗುರುತು ಬ್ಯಾರೇನೇ ಅದ, ಹೋಲಿಸಿ ನೋಡ್ರಿ. ಎರಡನೇ ಕಂಬ ಅರ್ಧ ಕಟ್ ಆಗ್ಯದ, ಅದರದ್ದು ಹೇಳಾಕ ಹೆಚ್ಚೇನಿಲ್ಲ.

ಮ್ಯಾಲ ಇಳಿಜಾರು ಛಜ್ಜ, ಅದರ ಮ್ಯಾಲ ಬಿಳಿ ಪೇಂಟಿನ ಸಿಮೆಂಟ್ ಕಟ್ಟಿ, ಅದು ಈಚಿನದು, ಮೂಲ ಶಿಖರ ಇಲ್ಲ. ಗ್ವಾಡಿ ಮ್ಯಾಲಿನ ಪುಟ್ಟ ಶಿಖರ ನೋಡಿ ಮ್ಯಾಲಿನದೂ ಹಿಂಗೇ ಇತ್ತು ಅಂತ ಹೇಳಬ್ಯಾಡ್ರಿ, ಎರಡು ರೀತಿದು ಇಟ್ಟಾರ ಅಂದಮ್ಯಾಲ ಯಾವುದನ್ನ ಲೆಕ್ಕಕ್ಕ ತಗೋತೀರಿ?

ಕೋಷ್ಠದ ಕೆಳಗಿನ ಕರೀ ಜಿಡ್ಡು ಎಣ್ಣಿ ಹಚ್ಚಿದ್ದು, ಅದು ಧೂಳು ಹಿಡಿದು ಕೆತ್ತನಿ ಸಂದಿ ಎಲ್ಲಾ ಮುಚ್ಚಿದ್ದಕ್ಕ ಅಲ್ಲಿನ ಹಂಸದ ಸಾಲು ಫೋಟೋದಾಗ ಗೊತ್ತೇ ಆಗಂಗಿಲ್ಲ. ಊರಿನ ಹುಡುಗ್ರು ಅಲ್ಲಿಗೆ ಹೋದ್ರ ಎಣ್ಣಿ ದೀಪಕ್ಕ ಹಾಕ್ರಿ, ಗ್ವಾಡಿಗೆ ಬ್ಯಾಡ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣನೂ ತಿಕ್ಕಬ್ಯಾಡ್ರಿ, ಮುಂಜಾನಿ ಬಿಸಿಲಿಗೆ ಓರೆಗೆ ನಿಂತು ತೆಗೀರಿ, ಸಾಕು. ಉತ್ತರದ ಗ್ವಾಡಿ ಫೋಟೋ ಯಾರ ಹತ್ರಾದ್ರೂ ಇದ್ರ ಕಳಿಸ್ರಿ, ಬುಡದಿಂದ ಛಜ್ಜದ ತನ ಪೂರ್ತಿ ಬಂದಿರಬೇಕು.