ಬ್ಯಾಂಕಿನಿಂದ ನನ್ನ ಹಣ ತೆಗೆಯುವುದು ಹೇಗೆ?

ಇದು ಸುಲಭವಾಗಿ ಓದುವ ಪುಸ್ತಕ.
ನಾನು ನಿಮ್ಮ ತರಬೇತಿ ಕೇಂದ್ರದ ಟೀಚರ್.
ಇದನ್ನು ನಿಮಗಾಗಿ ಬರೆದಿದ್ದೇನೆ.

ನೀವು ಒಬ್ಬರೇ ಓದಬಹುದು. ಅಮ್ಮ, ಅಣ್ಣ, ಅಕ್ಕ ಯಾರ ಜೊತೆಗಾದರೂ ಓದಬಹುದು.
ಒಂದೇ ದಿನ ಎಲ್ಲವನ್ನೂ ಓದಬೇಕಾಗಿಲ್ಲ.

ನಿಮ್ಮ ಹಣ ಎಲ್ಲಿದೆ?

ನೀವು ಪೇಪರ್ ಕವರ್ ಮಾಡುತ್ತೀರಿ. ಅದಕ್ಕೆ ನಿಮಗೆ ಹಣ ಸಿಗುತ್ತದೆ.
ಮೊದಲು ಆ ಹಣವನ್ನು ನಿಮ್ಮ ಕೈಗೆ ಕೊಡುತ್ತಿದ್ದೆವು.
ಈ ತಿಂಗಳಿನಿಂದ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ.

ಖಾತೆ ಎಂದರೆ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೆ ಇರುವ ಲೆಕ್ಕ.
ಅಲ್ಲಿರುವ ಹಣ ನಿಮ್ಮದು. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಇರುತ್ತದೆ.
ಎಷ್ಟು ಹಣ ಇದೆ ಎಂದು ನಿಮ್ಮ ಪಾಸ್‌ಬುಕ್ ಹೇಳುತ್ತದೆ.

ಹಣ ಬೇಕಾದಾಗ ಒಂದು ಚೀಟಿ ತುಂಬಬೇಕು.
ಅದಕ್ಕೆ ಹಣ ಹಿಂಪಡೆಯುವ ಚೀಟಿ ಎನ್ನುತ್ತಾರೆ. ವಿತ್‌ಡ್ರಾವಲ್ ಸ್ಲಿಪ್ ಎಂದೂ ಹೇಳುತ್ತಾರೆ.
ಎರಡೂ ಒಂದೇ. ಅದು ಬ್ಯಾಂಕಿನಲ್ಲೇ ಸಿಗುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ರವಿ ಏನು ಮಾಡಿದರು?

ರವಿ ಎಂಬುವರು ಇದ್ದಾರೆ ಎಂದುಕೊಳ್ಳಿ.
ರವಿ ಅವರ ಖಾತೆಯಲ್ಲಿ 1,200 ರೂಪಾಯಿ ಇದೆ.
ಮಳೆಗಾಲ ಬಂದಿದೆ. ರವಿ ಅವರಿಗೆ ಕೊಡೆ ಬೇಕು. ಚಪ್ಪಲಿಯೂ ಬೇಕು.
ಅವರು 750 ರೂಪಾಯಿ ತೆಗೆಯಬೇಕು ಎಂದುಕೊಂಡರು.

ಮನೆಯಿಂದ ಹೊರಡುವಾಗ ರವಿ ಎರಡು ವಸ್ತು ತೆಗೆದುಕೊಂಡರು.
ಒಂದು ಪಾಸ್‌ಬುಕ್. ಇನ್ನೊಂದು ಪೆನ್ನು.
ಪೆನ್ನು ನೀಲಿ ಅಥವಾ ಕಪ್ಪು ಇರಬೇಕು. ಪೆನ್ಸಿಲ್ ಬೇಡ.

ಚೀಟಿಯಲ್ಲಿ ಏನು ಬರೆಯಬೇಕು?

ದಿನಾಂಕ: ಇವತ್ತಿನ ದಿನಾಂಕ ಬರೆಯಿರಿ. ಬ್ಯಾಂಕಿನ ಗೋಡೆಯ ಮೇಲೆ ಕ್ಯಾಲೆಂಡರ್ ಇರುತ್ತದೆ. ನೋಡಿ ಬರೆಯಬಹುದು.

ಹೆಸರು: ಪಾಸ್‌ಬುಕ್ಕಿನಲ್ಲಿ ಇರುವ ಹಾಗೆಯೇ ಬರೆಯಿರಿ. ಮನೆಯಲ್ಲಿ ಕರೆಯುವ ಹೆಸರು ಬೇಡ.

ಖಾತೆ ಸಂಖ್ಯೆ: ಇದು ಉದ್ದವಾದ ಸಂಖ್ಯೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಇದೆ.
ಬಾಯಿಪಾಠ ಮಾಡಬೇಕಾಗಿಲ್ಲ.
ಒಂದು ಅಂಕಿಯ ಮೇಲೆ ಬೆರಳು ಇಡಿ. ಅದನ್ನು ಬರೆಯಿರಿ. ಬೆರಳನ್ನು ಮುಂದಿನ ಅಂಕಿಗೆ ಸರಿಸಿ.
ಚೀಟಿಯ ಒಂದು ಚೌಕದಲ್ಲಿ ಒಂದೇ ಅಂಕಿ ಬರೆಯಿರಿ.
ತಪ್ಪಾದರೆ ಬೇರೆ ಚೀಟಿ ತೆಗೆದುಕೊಳ್ಳಿ. ಎಲ್ಲರಿಗೂ ತಪ್ಪಾಗುತ್ತದೆ. ನನಗೂ ಆಗುತ್ತದೆ.

ಹಣ, ಅಂಕಿಯಲ್ಲಿ: ರವಿ ಹೀಗೆ ಬರೆದರು.

750/-

ಕೊನೆಯ ಗೆರೆಯನ್ನು ನೋಡಿ. ಆ ಗೆರೆ ಬಹಳ ಮುಖ್ಯ.
ಗೆರೆ ಇಲ್ಲದಿದ್ದರೆ ಯಾರಾದರೂ ಪಕ್ಕದಲ್ಲಿ ಒಂದು ಸೊನ್ನೆ ಸೇರಿಸಬಹುದು.
ಆಗ 750 ಹೋಗಿ 7500 ಆಗುತ್ತದೆ.

ಹಣ, ಅಕ್ಷರದಲ್ಲಿ: ರವಿ ಹೀಗೆ ಬರೆದರು.

ಏಳುನೂರ ಐವತ್ತು ರೂಪಾಯಿ ಮಾತ್ರ

ಮಾತ್ರ ಎಂದರೆ ಇಷ್ಟೇ, ಇದಕ್ಕಿಂತ ಹೆಚ್ಚು ಇಲ್ಲ.
ಅಕ್ಷರದಲ್ಲಿ ಬರೆಯುವುದು ಕಷ್ಟವಾದರೆ ಒಂದು ಕಾಗದದಲ್ಲಿ ಮನೆಯಲ್ಲೇ ಬರೆಸಿಕೊಳ್ಳಿ. ಬ್ಯಾಂಕಿನಲ್ಲಿ ಅದನ್ನು ನೋಡಿ ಬರೆಯಿರಿ.

ಸಹಿ

ಈ ಪುಟವನ್ನು ಎರಡು ಸಲ ಓದಿ.

ಸಹಿ ಹಾಕಿದರೆ ಏನು ಅರ್ಥ?
"ಇದು ನನ್ನ ಹಣ. ಇಷ್ಟು ಹಣ ಕೊಡಿ ಎಂದು ನಾನೇ ಕೇಳುತ್ತಿದ್ದೇನೆ" ಎಂದು ಅರ್ಥ.

ಆದ್ದರಿಂದ ಸಹಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹಾಕಿ.
ಮೊದಲು ಚೀಟಿಯಲ್ಲಿ ಹಣ ಎಷ್ಟು ಎಂದು ಬರೆದಿದೆಯೇ ನೋಡಿ.
ನೀವು ಹೇಳಿದಷ್ಟೇ ಇದೆಯೇ ನೋಡಿ.
ಆಮೇಲೆ ಸಹಿ ಹಾಕಿ.

ಖಾಲಿ ಚೀಟಿಗೆ ಸಹಿ ಹಾಕಬೇಡಿ.
"ನೀನು ಸಹಿ ಹಾಕು, ಹಣ ಎಷ್ಟು ಎಂದು ನಾನು ಆಮೇಲೆ ಬರೆಯುತ್ತೇನೆ" ಎಂದು ಯಾರಾದರೂ ಹೇಳಬಹುದು.
ಹೇಳಿದವರು ನಿಮಗೆ ತುಂಬ ಪ್ರೀತಿಯವರೇ ಇರಬಹುದು.
ಆದರೂ ಹೀಗೆ ಹೇಳಿ: "ಮೊದಲು ಬರೆಯಿರಿ. ನಾನು ನೋಡುತ್ತೇನೆ. ಆಮೇಲೆ ಸಹಿ ಹಾಕುತ್ತೇನೆ."
ಹೀಗೆ ಹೇಳುವುದು ತಪ್ಪಲ್ಲ.

ಖಾತೆ ತೆರೆದ ದಿನ ನೀವು ಒಂದು ಸಹಿ ಹಾಕಿದ್ದೀರಿ. ಅದು ಬ್ಯಾಂಕಿನಲ್ಲಿದೆ.
ಈಗಿನ ಸಹಿ ಅದರ ಹಾಗೆಯೇ ಇರಬೇಕು.
ಬೇರೆ ಥರ ಆದರೆ ಇನ್ನೊಮ್ಮೆ ಹಾಕಿ ಎನ್ನುತ್ತಾರೆ. ಅದು ಬೈಗುಳ ಅಲ್ಲ. ಹೆದರಬೇಡಿ.
ಹೆಬ್ಬೆಟ್ಟು ಒತ್ತಿ ಖಾತೆ ತೆರೆದಿದ್ದರೆ ಹೆಬ್ಬೆಟ್ಟು ಒತ್ತಿ.

ಕೆಲವು ಕಡೆ ಚೀಟಿಯ ಹಿಂದೆಯೂ ಸಹಿ ಕೇಳುತ್ತಾರೆ. ಹಣ ನಿಮಗೆ ಸಿಕ್ಕಿತು ಎಂದು ಅದರ ಅರ್ಥ.
ಕೌಂಟರಿನ ಮುಂದೆ ನಿಂತೇ ಅದನ್ನು ಹಾಕಿ.

ಕೌಂಟರಿನಲ್ಲಿ

ಚೀಟಿಯನ್ನೂ ಪಾಸ್‌ಬುಕ್ಕನ್ನೂ ಕೊಡಿ. ಟೋಕನ್ ಕೊಟ್ಟರೆ ಇಟ್ಟುಕೊಳ್ಳಿ. ಕರೆಯುವವರೆಗೆ ಕುಳಿತುಕೊಳ್ಳಿ.

ಅವರು ಬೇಗ ಬೇಗ ಮಾತನಾಡಿದರೆ ಹೀಗೆ ಹೇಳಿ: "ನನಗೆ ಅರ್ಥವಾಗಲಿಲ್ಲ. ನಿಧಾನವಾಗಿ ಹೇಳಿ."
ಎಷ್ಟು ಸಲ ಬೇಕಾದರೂ ಕೇಳಬಹುದು.

ರವಿ ಅವರಿಗೆ ಮೂರು ನೋಟು ಕೊಟ್ಟರು.
ಬೂದು ಬಣ್ಣದ ನೋಟು 500. ಅದರ ಹಿಂದೆ ಕೆಂಪು ಕೋಟೆ ಇದೆ.
ಹಳದಿ ನೋಟು 200. ಅದರ ಹಿಂದೆ ಸಾಂಚಿ ಸ್ತೂಪ ಇದೆ.
ನೀಲಿ ನೋಟು 50. ಅದರ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ನಾವು ಪ್ರವಾಸ ಹೋದಾಗ ಆ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಅದೇ ರಥ.

500, 200, 50. ಸೇರಿಸಿದರೆ 750.
ಅಲ್ಲೇ ನಿಂತು ಎಣಿಸಿ. ಹಿಂದೆ ಜನ ನಿಂತಿದ್ದರೂ ಎಣಿಸಿ.
ಕಡಿಮೆ ಇದ್ದರೆ ಆಗಲೇ ಹೇಳಿ. ಹಣವನ್ನು ಒಳಗೆ ಇಟ್ಟುಕೊಂಡು ಆಮೇಲೆ ಹೊರಡಿ.

ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ. ರವಿ ಅವರ ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ 450 ಎಂದು ಬಂದಿದೆ. ಅದು ಖಾತೆಯಲ್ಲಿ ಉಳಿದ ಹಣ.

ಯಾರನ್ನು ಕೇಳಬೇಕು?

ಸಹಾಯ ಬೇಕಾದರೆ ಕೌಂಟರಿನ ಒಳಗೆ ಕುಳಿತವರನ್ನು ಕೇಳಿ. ಮ್ಯಾನೇಜರನ್ನೂ ಕೇಳಬಹುದು.
ಗೊತ್ತಿಲ್ಲದವರ ಕೈಗೆ ಪಾಸ್‌ಬುಕ್ ಕೊಡಬೇಡಿ.

ಫೋನಿನಲ್ಲಿ ಯಾರಾದರೂ ಒಟಿಪಿ ಅಥವಾ ಪಿನ್ ಕೇಳಿದರೆ ಹೇಳಬೇಡಿ. ಫೋನ್ ಇಟ್ಟುಬಿಡಿ.
ಮೋಸದಿಂದ ಹಣ ಹೋದರೆ ತಕ್ಷಣ ಮನೆಯವರಿಗೆ ಹೇಳಿ. 1930 ಎಂಬ ಸಂಖ್ಯೆಗೆ ಫೋನ್ ಮಾಡಿ. ನನಗೂ ಹೇಳಿ. ನಾನು ಬೈಯುವುದಿಲ್ಲ.

ಜೊತೆಗೆ ಓದುವವರಿಗೆ

ಈ ಪುಟ ಮನೆಯವರಿಗೆ. ನಿಮ್ಮ ಮಗ ಅಥವಾ ಮಗಳ ಮುಂದೆಯೇ ಓದಿ, ಅವರಿಂದ ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಹೇಳುವಂತೆ ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು ಅವರಿಗೂ ಎಲ್ಲರಷ್ಟೇ ಇದೆ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಪ್ರಕಾರ ಕಾನೂನಿನ ಪೋಷಕರನ್ನು, ಎಂದರೆ ಲೀಗಲ್ ಗಾರ್ಡಿಯನ್ ಅವರನ್ನು, ನೇಮಿಸಿಕೊಂಡಿರುವ ಮನೆಗಳಲ್ಲಿ ಬ್ಯಾಂಕಿನ ಕ್ರಮ ಬೇರೆ ಇರುತ್ತದೆ. ಅಂಥವರು ನನ್ನನ್ನು ಬಂದು ಕಾಣಿ. ಆಗಲೂ ಈ ಪುಸ್ತಕ ಅವರ ಕೈಯಲ್ಲೇ ಇರಲಿ. ಹಣ ಯಾರದು, ಎಷ್ಟು ತೆಗೆದರು ಎಂಬುದು ಅವರಿಗೆ ತಿಳಿದಿರಬೇಕು.

ಒಂದು ಸಾಲು ಓದಿ, ನಿಲ್ಲಿಸಿ. "ಅರ್ಥವಾಯಿತಾ?" ಎಂದು ಕೇಳಬೇಡಿ, ಹೆಚ್ಚಿನವರು ನಿಮ್ಮನ್ನು ನೋಯಿಸಬಾರದೆಂದು ಹೂಂ ಎನ್ನುತ್ತಾರೆ. "ರವಿ ಗೆರೆ ಯಾಕೆ ಎಳೆದರು?" ಎಂದು ಕೇಳಿ. ಉತ್ತರಕ್ಕೆ ಕಾಯಿರಿ. ಆ ಮೌನ ನಿಮಗೆ ಉದ್ದ ಎನ್ನಿಸುತ್ತದೆ, ಅವರಿಗೆ ಅದು ಯೋಚಿಸುವ ಹೊತ್ತು. ತಡವಾಯಿತೆಂದು ಪೆನ್ನು ಕಸಿದು ನೀವೇ ಬರೆದುಬಿಟ್ಟರೆ ಮುಂದಿನ ತಿಂಗಳು ಅವರು ಪೆನ್ನನ್ನೇ ಮುಟ್ಟುವುದಿಲ್ಲ. ಇದನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಇದರೊಂದಿಗಿನ ಲಕೋಟೆಯಲ್ಲಿ 5 ಖಾಲಿ ಚೀಟಿಗಳಿವೆ, ಮನೆಯಲ್ಲಿ ಬರೆದು ಅಭ್ಯಾಸ ಮಾಡಲಿ. ಅಭ್ಯಾಸದ ಚೀಟಿಗೆ ಸಹಿ ಹಾಕಿದ್ದರೆ ಅದನ್ನು ಅವರ ಕೈಯಿಂದಲೇ ಚೂರು ಚೂರು ಹರಿಸಿ.